ಐದು ವರ್ಷದ ಪ್ರಶ್ನೆಗೆ ಹುದ್ದೆ ಹೇಳಬೇಡಿ, ಕೆಲಸ ಹೇಳಿ

ಪ್ರಶ್ನೆ: ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ್ದೇನೆ. ಪೀಣ್ಯದ ಒಂದು ಸಣ್ಣ ಸಿಎನ್‌ಸಿ ಶಾಪ್‌ನಲ್ಲಿ ಮೂರು ವರ್ಷದಿಂದ ಕ್ವಾಲಿಟಿ ಇನ್‌ಸ್ಪೆಕ್ಟರ್. ಈಗ ಒಂದು ದೊಡ್ಡ ಆಟೋ ಬಿಡಿಭಾಗಗಳ ಕಂಪನಿಯಲ್ಲಿ ಕ್ವಾಲಿಟಿ ಇಂಜಿನಿಯರ್ ಕೆಲಸಕ್ಕೆ ಇಂಟರ್‌ವ್ಯೂ ಇದೆ. ಹಿಂದಿನ ಎರಡು ಇಂಟರ್‌ವ್ಯೂಗಳಲ್ಲೂ ‘ಐದು ವರ್ಷ ಆದ್ಮೇಲೆ ಎಲ್ಲಿರ್ತೀರಿ?’ ಅಂತ ಕೇಳಿದರು. ಒಂದು ಕಡೆ ವಿಡಿಯೊ ನೋಡಿ ಕಲಿತದ್ದನ್ನು ಹೇಳಿದೆ. ‘ಬಾಯಿಪಾಠ ಚೆನ್ನಾಗಿದೆ’ ಅಂತ ನಕ್ಕರು. ಇನ್ನೊಂದು ಕಡೆ ‘ಕೆಲಸ ಕಲಿತು ಇಲ್ಲೇ ಇರ್ತೀನಿ ಸರ್’ ಅಂದೆ. ‘ಮುಂದೆ ಬರೋ ಆಸೆನೇ ಇಲ್ವಾ?’ ಅಂದರು. ಹಾಗಾದ್ರೆ ಏನು ಹೇಳಬೇಕು?

ಉತ್ತರ: ನಿಮ್ಮ ಎರಡು ಉತ್ತರಗಳು ನೋಡೋಕೆ ಬೇರೆ ಬೇರೆ, ಆದರೆ ಕೊರತೆ ಒಂದೇ. ಎರಡರಲ್ಲೂ ನೀವು ಮಾಡುವ ಕೆಲಸ ಇಲ್ಲ. ಮೊದಲನೆಯದನ್ನು ಬ್ಯಾಂಕಿನಲ್ಲೂ ಹೇಳಬಹುದು, ಆಸ್ಪತ್ರೆಯಲ್ಲೂ ಹೇಳಬಹುದು. ಎರಡನೆಯದನ್ನಂತೂ ಯಾರು ಎಲ್ಲಿ ಬೇಕಾದರೂ ಹೇಳಬಹುದು. ಕೇಳಿಸಿಕೊಂಡವರಿಗೆ ಎರಡರಿಂದಲೂ ಏನೂ ಸಿಗಲಿಲ್ಲ. ಅದಕ್ಕೇ ಒಬ್ಬರು ನಕ್ಕರು, ಇನ್ನೊಬ್ಬರು ಚುಚ್ಚಿದರು.

ಆಟೋ ಬಿಡಿಭಾಗಗಳ ಕಾರ್ಖಾನೆಗಳ ಕ್ವಾಲಿಟಿ ವಿಭಾಗದಲ್ಲಿ ಇದ್ದು, ಈ ಪ್ರಶ್ನೆ ಕೇಳುವ ಕಡೆ ನಾನು ಬಹಳ ಸಲ ಕೂತಿದ್ದೇನೆ. ಅಲ್ಲಿಂದ ನೋಡಿದಾಗ ಇದು ಭವಿಷ್ಯದ ಪ್ರಶ್ನೆ ಅನ್ನಿಸುವುದೇ ಇಲ್ಲ. ಐದು ವರ್ಷದ ನಂತರ ಕಂಪನಿಯೇ ಯಾವ ಗ್ರಾಹಕರಿಗೆ ಏನು ಮಾಡುತ್ತಿರುತ್ತದೋ ಕೇಳುವವರಿಗೂ ಗೊತ್ತಿರುವುದಿಲ್ಲ. ಅವರಿಗೆ ಬೇಕಾಗಿರುವುದು ಈಗಿನ ವಿಷಯ. ಹೊಸ ಕ್ವಾಲಿಟಿ ಇಂಜಿನಿಯರ್ ಬಂದರೆ ಪಾರ್ಟ್‌ಗಳ ಪರಿಚಯ ಆಗಬೇಕು, ಡ್ರಾಯಿಂಗ್‌ಗಳು ತಲೆಗೆ ಹತ್ತಬೇಕು, ಯಾವ ಗ್ರಾಹಕ ಯಾವುದಕ್ಕೆ ಜಗಳ ಮಾಡುತ್ತಾನೆ ಅನ್ನುವುದು ತಿಳಿಯಬೇಕು. ಅಷ್ಟಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಷ್ಟು ಕಲಿಸಿದ ಮೇಲೆ ಆ ವ್ಯಕ್ತಿ ವರ್ಷ ತುಂಬುವ ಮೊದಲೇ ಹೊರಟರೆ ಪೆಟ್ಟು ಬೀಳುವುದು ಕ್ವಾಲಿಟಿ ಹೆಡ್‌ಗೆ. ಅದರಲ್ಲೂ ಆಡಿಟ್ ಹತ್ತಿರ ಇರುವಾಗ ಹೊರಟರೆ ಕೇಳುವುದೇ ಬೇಡ. ಹಾಗಾಗಿ ಅವರು ಕೇಳುತ್ತಿರುವುದು ಇಷ್ಟು: ನಿನಗೆ ಬೇಕಾದ ಕೆಲಸ ನಮ್ಮಲ್ಲಿ ಇದೆಯಾ? ಇದ್ದರೆ ನೀನು ಇರುತ್ತೀಯ. ಇಲ್ಲದಿದ್ದರೆ ಇವತ್ತು ಏನೇ ಹೇಳಿದರೂ ಹೋಗುತ್ತೀಯ.

ಎಚ್‌ಆರ್ ಅದೇ ಪ್ರಶ್ನೆ ಕೇಳಿದಾಗ ಉದ್ದೇಶ ಸ್ವಲ್ಪ ಬೇರೆ. ಅವರಿಗೆ ನಿಮ್ಮ ಕೆಲಸದ ಒಳವಿವರ ಅಷ್ಟಾಗಿ ಬೇಕಿಲ್ಲ. ದಿಕ್ಕು ಸ್ಪಷ್ಟವಾಗಿದೆಯಾ, ಸಂಬಳ ಬಿಟ್ಟು ಬೇರೆ ಏನಾದರೂ ನಿಮ್ಮನ್ನು ಇಲ್ಲಿಗೆ ತರುತ್ತಿದೆಯಾ ಅಂತ ನೋಡುತ್ತಾರೆ. ಒಂದೇ ಉತ್ತರವನ್ನು ಅವರಿಗೆ ಚಿಕ್ಕದಾಗಿ ಹೇಳಿದರೆ ಸಾಕು.

ಬಾಯಿಪಾಠ ಅಂತ ಗೊತ್ತಾಗುವುದು ಹೇಗೆ ಗೊತ್ತಾ? ದನಿಯಿಂದ. ಅಲ್ಲಿಯವರೆಗೆ ‘ಸರ್, ಆ ಲಾಟ್ ವಾಪಸ್ ಬಂತು, ಆಮೇಲೆ ನಾವು…’ ಅಂತ ತಡವರಿಸಿ, ನೆನಪು ಮಾಡಿಕೊಂಡು ಮಾತಾಡುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ ಒಂದೂ ತಡೆಯಿಲ್ಲದೆ ಓಡಲು ಶುರು ಮಾಡುತ್ತಾನೆ. ಕಣ್ಣು ಗೋಡೆ ಕಡೆ ಹೋಗುತ್ತದೆ. ‘ಸವಾಲಿನ ಪರಿಸರ’, ‘ಕಂಪನಿಯ ಬೆಳವಣಿಗೆಯ ಜೊತೆ ನನ್ನ ಬೆಳವಣಿಗೆ’, ‘ನಾಯಕತ್ವದ ಸ್ಥಾನ’ ಇಂಥವೆಲ್ಲ ಸಾಲಾಗಿ ಬರುತ್ತವೆ. ಅದರಲ್ಲಿ ಒಂದು ಮಷೀನಿನ ಹೆಸರಿರುವುದಿಲ್ಲ, ಒಂದು ಪಾರ್ಟ್ ಇರುವುದಿಲ್ಲ. ಆಗ ನಾನು ಮಾಡುತ್ತಿದ್ದದ್ದು ಒಂದೇ. ‘ನಾಯಕತ್ವ ಅಂದ್ರಲ್ಲ, ಯಾವ ಕೆಲಸದಲ್ಲಿ?’ ಅಂತ ಕೇಳುತ್ತಿದ್ದೆ. ಅಲ್ಲಿಗೆ ಮಾತು ನಿಲ್ಲುತ್ತಿತ್ತು.

‘ಇಲ್ಲೇ ಇರ್ತೀನಿ’ ಅನ್ನುವ ಉತ್ತರ ನಿಯತ್ತು ತೋರಿಸುತ್ತದೆ ಅಂತ ನೀವು ಅಂದುಕೊಂಡಿರಬಹುದು. ನಮ್ಮ ಕಡೆ ಮನೆಯಲ್ಲಿ ಕಲಿಸುವುದೂ ಹಾಗೇ, ದೊಡ್ಡವರ ಮುಂದೆ ಆಸೆ ಹೇಳಿಕೊಳ್ಳಬಾರದು ಅಂತ. ಆದರೆ ಕ್ವಾಲಿಟಿ ಹೆಡ್‌ಗೆ ಅದು ಬೇರೆ ಥರ ಕೇಳಿಸುತ್ತದೆ. ಇವತ್ತು ಮೈಕ್ರೋಮೀಟರ್ ಹಿಡಿದವರು ಐದು ವರ್ಷ ಆದಮೇಲೂ ಅದೇ ಟೇಬಲ್ ಮುಂದೆ ಅದೇ ಮೈಕ್ರೋಮೀಟರ್ ಹಿಡಿದು ಕೂತಿರುತ್ತಾರೆ ಅಂತ. ಅವರಿಗೆ ಬೇಕಾಗಿರುವುದು ಕೆಲವು ವರ್ಷದಲ್ಲಿ ಗ್ರಾಹಕರ ಕಂಪ್ಲೇಂಟ್ ಬಂದರೆ ‘ನೀನು ನೋಡ್ಕೋ’ ಅಂತ ಬಿಟ್ಟು ಹೋಗಬಹುದಾದ ಮನುಷ್ಯ.

ಇದಕ್ಕೆ ಹೆದರಿ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ‘ಕ್ವಾಲಿಟಿ ಮ್ಯಾನೇಜರ್ ಆಗಿರ್ತೀನಿ’ ಅಂತಾರೆ. ‘ನಿಮ್ಮ ಕುರ್ಚಿಯಲ್ಲಿ ಕೂತಿರ್ತೀನಿ ಸರ್’ ಅನ್ನುವುದೂ ಇದೆ. ವಿಡಿಯೊಗಳಲ್ಲಿ ಇದನ್ನು ಆತ್ಮವಿಶ್ವಾಸ ಅಂತ ಕಲಿಸುತ್ತಾರಂತೆ. ಒಂದು ಪ್ಲಾಂಟ್‌ಗೆ ಕ್ವಾಲಿಟಿ ಹೆಡ್ ಇರುವುದು ಒಬ್ಬರೇ. ಆ ಕುರ್ಚಿ ಯಾವಾಗ ಖಾಲಿಯಾಗುತ್ತದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ, ಎದುರಿಗೆ ಕೂತವರ ಕೈಯಲ್ಲೂ ಇಲ್ಲ. ಅದಕ್ಕೇ ಹುದ್ದೆಯ ಹೆಸರು ಹೇಳಬೇಡಿ, ಆ ಹೊತ್ತಿಗೆ ಒಬ್ಬರೇ ಮಾಡಬಲ್ಲ ಕೆಲಸವನ್ನು ಹೇಳಿ ಅನ್ನುವುದು. ಕೆಲಸ ಕಲಿಯುವುದು ನಿಮ್ಮ ಕೈಯಲ್ಲಿದೆ. ಅದನ್ನು ಹೇಳಿದರೆ ಆಸೆಯೂ ಕಾಣುತ್ತದೆ, ಗಾಳಿಗೋಪುರ ಅಂತಲೂ ಅನ್ನಿಸುವುದಿಲ್ಲ.

ಈಗ ನಿಮ್ಮ ಉತ್ತರವನ್ನೇ ಕಟ್ಟೋಣ. ಸಾಮಗ್ರಿ ಎರಡು ಕಡೆ ಇದೆ. ಒಂದು, ಆ ಕೆಲಸದ ಜಾಹೀರಾತು. ಇನ್ನೊಂದು, ನಿಮ್ಮ ಮೂರು ವರ್ಷ.

ಜಾಹೀರಾತನ್ನು ಪ್ರಿಂಟ್ ತೆಗೆದು ಪೆನ್ನು ಹಿಡಿದು ಓದಿ. ಆಟೋ ಬಿಡಿಭಾಗಗಳ ಕಂಪನಿಯ ಕ್ವಾಲಿಟಿ ಇಂಜಿನಿಯರ್ ಕೆಲಸ ಅಂದರೆ ಅದರಲ್ಲಿ ಸಾಮಾನ್ಯವಾಗಿ ಇರುವುದು ಇವು: ಲೈನ್ ಕ್ವಾಲಿಟಿ, ಗ್ರಾಹಕರ ಕಂಪ್ಲೇಂಟ್‌ಗೆ ಎಂಟು ಹಂತದಲ್ಲಿ ಕಾರಣ, ಪರಿಹಾರ ಬರೆದುಕೊಡುವ ಏಟ್ ಡಿ ರಿಪೋರ್ಟ್, ಅಳತೆಗಳ ಏರಿಳಿತ ನೋಡಿ ಪ್ರೊಸೆಸ್ ಹಿಡಿತದಲ್ಲಿಡುವ ಎಸ್‌ಪಿಸಿ, ಹೊಸ ಪಾರ್ಟ್‌ಗೆ ಗ್ರಾಹಕರ ಒಪ್ಪಿಗೆ ಪಡೆಯುವ ಪಿಪಿಎಪಿ ಕಡತ, ಆಟೋ ಉದ್ಯಮದ ಕ್ವಾಲಿಟಿ ಮಾನದಂಡವಾದ ಐಎಟಿಎಫ್‌ನ ಆಡಿಟ್‌ಗೆ ಸಿದ್ಧತೆ. ಇವುಗಳಲ್ಲಿ ಯಾವುದನ್ನು ಈಗಾಗಲೇ ಮಾಡಿದ್ದೀರಿ, ಯಾವುದನ್ನು ಪಕ್ಕದಿಂದ ನೋಡಿದ್ದೀರಿ, ಯಾವುದು ಬರೀ ಹೆಸರು ಗೊತ್ತು ಅಂತ ಗುರುತು ಹಾಕಿ. ಸಣ್ಣ ಶಾಪ್‌ನ ಇನ್‌ಸ್ಪೆಕ್ಟರ್‌ಗೆ ಅಳತೆ ಚೆನ್ನಾಗಿ ಬರುತ್ತದೆ, ಏಟ್ ಡಿ ಅರ್ಧಂಬರ್ಧ ಗೊತ್ತಿರುತ್ತದೆ, ಪಿಪಿಎಪಿ ಕಡತವನ್ನು ಮಾಲೀಕರೋ ಕನ್ಸಲ್ಟೆಂಟೋ ಮಾಡಿರುತ್ತಾರೆ. ‘ಪಕ್ಕದಿಂದ ನೋಡಿದ್ದೀನಿ’ ಅನ್ನುವ ಆ ಸಾಲುಗಳಲ್ಲೇ ನಿಮ್ಮ ಮೊದಲ ಎರಡು ವರ್ಷದ ಉತ್ತರ ಇದೆ.

ಅದರಾಚೆ ಈ ಕುರ್ಚಿಯಿಂದ ದಾರಿ ಎಲ್ಲೆಲ್ಲಿ ಹೋಗುತ್ತದೆ ಅಂತ ತಿಳಿದಿರಬೇಕು. ಕ್ವಾಲಿಟಿಯಲ್ಲಿ ದಾರಿ ಒಂದೇ ಅಲ್ಲ. ಗ್ರಾಹಕರ ಕಡೆ ನೋಡಿಕೊಳ್ಳುವವರು ಒಂದು ಥರ: ಕಂಪ್ಲೇಂಟ್ ಬಂದರೆ ಅವರ ಪ್ಲಾಂಟಿಗೆ ಓಡಬೇಕು, ಅಲ್ಲಿ ನಿಂತು ಒಳ್ಳೆ ಪಾರ್ಟು ಕೆಟ್ಟ ಪಾರ್ಟು ಬೇರೆ ಮಾಡಿಸಬೇಕು, ಮಾತು ಕೇಳಿಸಿಕೊಳ್ಳಬೇಕು. ಸಪ್ಲೈಯರ್ ಕ್ವಾಲಿಟಿ ಇನ್ನೊಂದು ಥರ: ನಿಮ್ಮ ಈಗಿನ ಶಾಪ್‌ನಂಥ ಕಡೆಗೆ ದೊಡ್ಡ ಕಂಪನಿಯಿಂದ ಬಂದು ಪ್ರೊಸೆಸ್ ನೋಡುತ್ತಾರಲ್ಲ, ಅವರು. ಸಿಎಂಎಂ ರೂಮಿನಲ್ಲಿ ಅಳತೆಯಲ್ಲೇ ಪಳಗುವವರು ಮತ್ತೊಬ್ಬರು. ಇನ್ನು ಕೆಲವರು ಸಿಸ್ಟಮ್ ಮತ್ತು ಆಡಿಟ್ ಕಡೆ ಹೋಗುತ್ತಾರೆ. ಐಎಟಿಎಫ್ 16949 ಅನ್ನುವ ಮಾನದಂಡ 2016ರಲ್ಲಿ ಬಂದಾಗಿನಿಂದ, ಒಳಗಿನ ಆಡಿಟರ್‌ಗಳಿಗೆ ಸಾಮರ್ಥ್ಯ ಇದೆ ಅಂತ ಕಂಪನಿ ದಾಖಲೆ ಇಟ್ಟು ತೋರಿಸಲೇಬೇಕು. ಹಾಗಾಗಿ ಪ್ರತಿ ಪ್ಲಾಂಟ್‌ಗೂ ತರಬೇತಿ ಪಡೆದ ಒಳಗಿನ ಜನ ಬೇಕೇ ಬೇಕು. ‘ಇಂಟರ್ನಲ್ ಆಡಿಟರ್ ಆಗಬೇಕು’ ಅನ್ನುವುದು ನಿಮ್ಮ ಆಸೆಯೂ ಹೌದು, ಅವರ ಅಗತ್ಯವೂ ಹೌದು. ಇಂಥ ಜಾಗ ಸಿಕ್ಕರೆ ಬಿಡಬೇಡಿ.

ಈ ದಾರಿಗಳಲ್ಲಿ ಒಂದನ್ನು ಹಿಡಿಯಿರಿ. ಯಾವುದನ್ನು ಅನ್ನುವುದಕ್ಕೆ ನಿಮ್ಮ ಮೂರು ವರ್ಷವೇ ಉತ್ತರ ಹೇಳಬೇಕು. ನಿಮ್ಮ ಕೆಲಸದಲ್ಲಿ ಎಲ್ಲಿ ನಿಮಗೆ ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ ಅಂತ ನೆನಪು ಮಾಡಿಕೊಳ್ಳಿ. ನೀವು ಬರೆದಿಲ್ಲ, ಆದರೆ ಸಿಎನ್‌ಸಿ ಶಾಪ್‌ನಲ್ಲಿ ಮೂರು ವರ್ಷ ಇದ್ದವರಿಗೆ ಇಂಥದ್ದೊಂದು ಆಗಿಯೇ ಇರುತ್ತದೆ. ಒಂದು ಶಾಫ್ಟ್ ಅಂದುಕೊಳ್ಳೋಣ. ಹೊರಗಿನ ವ್ಯಾಸ 22 ಮಿಲಿಮೀಟರ್, ಬಿಟ್ಟಿರುವ ವ್ಯತ್ಯಾಸ ಪ್ಲಸ್ ಮೈನಸ್ 0.02. ಬೆಳಿಗ್ಗೆ ಮೊದಲ ಪೀಸ್ ಸರಿಯಾಗಿದೆ. ಗಂಟೆಗೊಂದು ಸಲ ಅಳೆದು ರಿಜಿಸ್ಟರ್‌ನಲ್ಲಿ ಬರೆಯುತ್ತಾ ಹೋಗುತ್ತೀರಿ: 21.998, 22.003, 22.007, 22.012. ಎಲ್ಲಾ ಓಕೆ. ಆದರೆ ಸಂಖ್ಯೆ ಒಂದೇ ಕಡೆ ಏರುತ್ತಿದೆ. ಇನ್ಸರ್ಟ್ ಸವೆದಂತೆ ಹೊರವ್ಯಾಸ ದಪ್ಪ ಆಗುತ್ತಾ ಹೋಗುವುದು ನಿಮಗೆ ಗೊತ್ತೇ ಇದೆ. ನೀವು ರಿಜೆಕ್ಟ್ ಆಗುವ ತನಕ ಕಾಯದೆ ಆಪರೇಟರ್‌ಗೆ ಹೇಳಿ ಆಫ್‌ಸೆಟ್ ಕೊಡಿಸಿದಿರಿ. ಆಮೇಲೆ ಇಷ್ಟು ಪೀಸ್ ಆದಮೇಲೆ ಆಫ್‌ಸೆಟ್ ನೋಡಬೇಕು ಅಂತ ಮಷೀನಿನ ಮೇಲೆ ಚೀಟಿ ಅಂಟಿಸಿದಿರಿ. ಮಧ್ಯಾಹ್ನದ ರಿಜೆಕ್ಷನ್ ಇಳಿಯಿತು.

ಇದು ಚಿಕ್ಕ ಕೆಲಸ ಅನ್ನಿಸಬಹುದು. ಆದರೆ ಐದು ವರ್ಷದ ಉತ್ತರಕ್ಕೆ ಇದಕ್ಕಿಂತ ಒಳ್ಳೆ ಬುನಾದಿ ಇಲ್ಲ. ಕೆಟ್ಟ ಪಾರ್ಟು ಹಿಡಿಯುವುದು ಇನ್‌ಸ್ಪೆಕ್ಷನ್. ಕೆಟ್ಟ ಪಾರ್ಟು ಆಗದ ಹಾಗೆ ನೋಡುವುದು ಪ್ರೊಸೆಸ್ ಕ್ವಾಲಿಟಿ. ಆ ಚೀಟಿ ಅಂಟಿಸಿದ ದಿನ ನೀವು ಮೊದಲನೆಯದರಿಂದ ಎರಡನೆಯದಕ್ಕೆ ಕಾಲಿಟ್ಟಿರಿ. ಮುಂದಿನ ಐದು ವರ್ಷ ಅಂದರೆ ಅದೇ ದಿಕ್ಕಿನಲ್ಲಿ ಇನ್ನಷ್ಟು ದೂರ. ನಿಮ್ಮದು ಶಾಫ್ಟ್ ಅಲ್ಲದಿರಬಹುದು. ತ್ರೆಡ್ ಗೇಜ್ ವಿಷಯ ಇರಬಹುದು, ಬರ್ ವಿಷಯ ಇರಬಹುದು. ನಿಜವಾಗಿ ಆದದ್ದನ್ನೇ ತಗೊಳ್ಳಿ. ಇಲ್ಲದ್ದನ್ನು ಕಟ್ಟಿ ಹೇಳಿದರೆ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಈಗ ಉತ್ತರ. ನಾನು ಬರೆದಿರುವುದನ್ನು ಹಾಗೇ ಉರು ಹೊಡೆಯಬೇಡಿ, ಕಟ್ಟಿರುವ ರೀತಿ ನೋಡಿ.

‘ಸರ್, ಈಗ ನಾನು ಮಾಡ್ತಿರೋದು ಜಾಸ್ತಿ ಇನ್‌ಸ್ಪೆಕ್ಷನ್. ಹೋದ ವರ್ಷ ಒಂದು ಶಾಫ್ಟ್‌ನಲ್ಲಿ ವ್ಯಾಸ ಏರ್ತಾ ಹೋಗೋದನ್ನ ರಿಜಿಸ್ಟರ್‌ನಲ್ಲಿ ನೋಡಿ, ಆಫ್‌ಸೆಟ್ ಯಾವಾಗ ಕೊಡಬೇಕು ಅಂತ ಆಪರೇಟರ್ ಜೊತೆ ಕೂತು ಗೊತ್ತು ಮಾಡಿದ್ವಿ. ಆಗಿಂದ ನನಗೆ ಪಾರ್ಟ್ ಅಳೆಯೋದಕ್ಕಿಂತ ಪ್ರೊಸೆಸ್ ಸರಿ ಮಾಡೋದು ಇಷ್ಟ. ಇಲ್ಲಿ ಮೊದಲ ಒಂದೂವರೆ ಎರಡು ವರ್ಷ ನಿಮ್ಮ ಪಾರ್ಟ್‌ಗಳನ್ನ ತಿಳ್ಕೊಂಡು, ಒಂದು ಲೈನಿನ ಕ್ವಾಲಿಟಿ ಪೂರ್ತಿ ನೋಡ್ಕೊಳ್ಳೋ ಹಾಗಾಗಬೇಕು. ಏಟ್ ಡಿ ನಾನೇ ಬರೆಯೋ ಹಾಗಾಗಬೇಕು, ಈಗ ಅದನ್ನ ನಮ್ಮ ಸೀನಿಯರ್ ಬರೀತಾರೆ, ನಾನು ಡೇಟಾ ಕೊಡ್ತೀನಿ. ಐದು ವರ್ಷದ ಹೊತ್ತಿಗೆ ಸಪ್ಲೈಯರ್ ಕಡೆ ಕೆಲಸ ಮಾಡಬೇಕು ಅಂತ ಆಸೆ. ಸಣ್ಣ ಶಾಪ್‌ನಲ್ಲಿ ತಪ್ಪು ಎಲ್ಲಿ ಆಗುತ್ತೆ ಅಂತ ನಾನು ಒಳಗಿಂದ ನೋಡಿದ್ದೀನಿ. ಆ ಕೆಲಸ ನಿಮ್ಮಲ್ಲಿ ಬೇರೆ ಟೀಮ್‌ನಲ್ಲಿದ್ರೆ, ಇಂಟರ್ನಲ್ ಆಡಿಟರ್ ಆಗಿ ಅದೇ ಥರ ಪ್ರೊಸೆಸ್ ನೋಡೋದೂ ನನಗೆ ಇಷ್ಟನೇ.’

ಇಷ್ಟು ಹೇಳುವುದಕ್ಕೆ ಸುಮಾರು ಒಂದು ನಿಮಿಷ. ಇಲ್ಲಿಗೆ ನಿಲ್ಲಿಸಿ. ಕೊನೆಗೆ ‘ಅವಕಾಶ ಕೊಟ್ರೆ ಖಂಡಿತ ಸಾಧಿಸಿ ತೋರಿಸ್ತೀನಿ’ ಅಂತ ಸೇರಿಸುವ ಚಪಲ ಬರುತ್ತದೆ. ಸೇರಿಸಬೇಡಿ, ಆ ಒಂದು ಸಾಲಿಗೆ ಮತ್ತೆ ವಿಡಿಯೊ ವಾಸನೆ ಬರುತ್ತದೆ.

ಇದರಲ್ಲಿ ಏನಿದೆ ನೋಡಿ. ಶುರುವಾಗುವುದು ಆಗಿಹೋದ ಒಂದು ಘಟನೆಯಿಂದ. ಹಾಗಾಗಿ ಮುಂದಿನ ಮಾತಿಗೆ ಬೇರು ಇದೆ. ಮೊದಲ ಎರಡು ವರ್ಷದ ಬಗ್ಗೆ ಗಟ್ಟಿಯಾಗಿ ಹೇಳಿದ್ದೀರಿ, ಐದನೇ ವರ್ಷದ ಬಗ್ಗೆ ‘ಆಸೆ’ ಅಂದಿದ್ದೀರಿ. ಅದು ಸರಿಯಾದ ಅಳತೆ. ಹತ್ತಿರದ್ದು ಸ್ಪಷ್ಟ ಇರಬೇಕು, ದೂರದ್ದು ದಿಕ್ಕು ಮಾತ್ರ ಇದ್ದರೆ ಸಾಕು. ಐದನೇ ವರ್ಷವನ್ನೂ ತಿಂಗಳ ಲೆಕ್ಕದಲ್ಲಿ ಹೇಳಿದರೆ ಯಾರೋ ಬರೆದುಕೊಟ್ಟಿದ್ದಾರೆ ಅನ್ನಿಸುತ್ತದೆ. ಏಟ್ ಡಿ ಇನ್ನೂ ಸ್ವಂತವಾಗಿ ಬರೆಯುವುದಿಲ್ಲ ಅಂತ ನೀವೇ ಹೇಳಿದ್ದೀರಿ. ಅದು ಬಹಳ ಕೆಲಸ ಮಾಡುತ್ತದೆ. ಬಾಯಿಪಾಠದ ಉತ್ತರದಲ್ಲಿ ‘ನನಗೆ ಇದು ಇನ್ನೂ ಬರಲ್ಲ’ ಅನ್ನುವ ಸಾಲು ಎಂದೂ ಇರುವುದಿಲ್ಲ. ಕೊನೆಯಲ್ಲಿ ಎರಡನೇ ದಾರಿ ಇದೆ. ಕಂಪನಿಯಲ್ಲಿ ಸಪ್ಲೈಯರ್ ಕ್ವಾಲಿಟಿಯನ್ನು ಪರ್ಚೇಸ್ ವಿಭಾಗದ ಕೆಳಗೆ ಇಟ್ಟಿದ್ದರೆ, ಅಥವಾ ಅದು ಬೇರೆ ಊರಿನ ಹೆಡ್ ಆಫೀಸ್‌ನಲ್ಲಿದ್ದರೆ, ಮೊದಲ ದಾರಿ ಮುಚ್ಚಿದ ಹಾಗೆ. ಇನ್ನೊಂದು ಕೈಯಲ್ಲಿದ್ದರೆ ನಿಮ್ಮನ್ನು ‘ಇವರು ಇಲ್ಲಿ ನಿಲ್ಲಲ್ಲ’ ಅಂತ ತೆಗೆದುಹಾಕಲು ಆಗುವುದಿಲ್ಲ.

ಮೂರು ದಾರಿ ಹೇಳಬೇಡಿ. ಎರಡು ಹೇಳಿದರೆ ಯೋಚನೆ ಮಾಡಿದ್ದಾರೆ ಅನ್ನಿಸುತ್ತದೆ, ಮೂರು ಹೇಳಿದರೆ ಯಾವುದನ್ನೂ ಯೋಚಿಸಿಲ್ಲ ಅನ್ನಿಸುತ್ತದೆ.

ಇನ್ನು ಮರುಪ್ರಶ್ನೆಗಳು. ಉತ್ತರ ಚೆನ್ನಾಗಿದ್ದರೆ ಇವು ಬಂದೇ ಬರುತ್ತವೆ. ಬಂದರೆ ಖುಷಿಪಡಿ, ಅವರು ಕೇಳಿಸಿಕೊಂಡಿದ್ದಾರೆ ಅಂತ ಅರ್ಥ.

ನೀವು ಯಾವ ಪದ ಬಳಸುತ್ತೀರೋ ಅದರ ಮೇಲೇ ಪ್ರಶ್ನೆ ಬೀಳುತ್ತದೆ. ಅಳತೆಯನ್ನೇ ಎಷ್ಟು ನಂಬಬಹುದು ಅಂತ ಪರೀಕ್ಷಿಸುವ ವಿಧಾನ ಎಂಎಸ್‌ಎ. ಅದನ್ನು ‘ಕಲೀಬೇಕು’ ಅಂದರೆ ‘ಗೇಜ್ ಆರ್ ಅಂಡ್ ಆರ್ ಎಷ್ಟು ಬಂದ್ರೆ ಗೇಜ್ ಒಪ್ಪಬಹುದು?’ ಅಂತ ಕೇಳುತ್ತಾರೆ. ಅಳೆಯುವುದರಿಂದಲೇ ಬರುವ ವ್ಯತ್ಯಾಸ ಶೇಕಡ 10ರ ಒಳಗೆ ಇದ್ದರೆ ಸರಿ, 10ರಿಂದ 30ರವರೆಗೆ ಉಪಯೋಗ ನೋಡಿ ತೀರ್ಮಾನ, ಅದಕ್ಕಿಂತ ಮೇಲೆ ಹೋದರೆ ಗೇಜ್ ಅಥವಾ ಅಳೆಯುವ ರೀತಿ ಬದಲಾಗಬೇಕು. ಅಷ್ಟಾದರೂ ಗೊತ್ತಿದ್ದರೆ ಮಾತ್ರ ಆ ಪದ ಬಾಯಿಗೆ ಬರಲಿ. ಜಾಹೀರಾತಿನಲ್ಲಿ ಇದೆ ಅಂತ ಎಂಎಸ್‌ಎ, ಎಸ್‌ಪಿಸಿ, ಪಿಪಿಎಪಿ ಥರದ ಐದೂ ಕೋರ್ ಟೂಲ್‌ಗಳ ಹೆಸರು ಸಾಲಾಗಿ ಹೇಳುವವರಿದ್ದಾರೆ. ಅವರನ್ನು ಮುಗಿಸಲು ಒಂದು ಪ್ರಶ್ನೆ ಸಾಕು. ಎರಡು ಹೇಳಿ, ಆ ಎರಡನ್ನು ಹಿಂದಿನ ವಾರ ಸರಿಯಾಗಿ ಓದಿಕೊಳ್ಳಿ.

‘ನಮ್ಮಲ್ಲಿ ಆ ಜಾಗ ಐದು ವರ್ಷಕ್ಕೂ ಖಾಲಿ ಆಗದಿದ್ರೆ?’ ಅಂತಲೂ ಕೇಳಬಹುದು. ಇಲ್ಲಿ ‘ಪರವಾಗಿಲ್ಲ ಸರ್, ಕಾಯ್ತೀನಿ’ ಅಂದರೆ ಮತ್ತೆ ಹಳೇ ಉತ್ತರಕ್ಕೇ ಬಂದಿರಿ. ‘ಹುದ್ದೆ ಸಿಗದಿದ್ರೂ ಆ ಕೆಲಸದಲ್ಲಿ ಕೈ ಹಾಕೋಕೆ ಸಿಕ್ರೆ ಸಾಕು, ಸಪ್ಲೈಯರ್ ವಿಸಿಟ್‌ಗೆ ನಿಮ್ಮವರ ಜೊತೆ ಹೋಗೋ ಅವಕಾಶ ಇರುತ್ತಾ?’ ಅಂತ ಕೇಳಿ. ಇದು ನೇರ ಮಾತು. ಬೆದರಿಕೆಯೂ ಇಲ್ಲ, ಗೋಗರೆಯುವುದೂ ಇಲ್ಲ.

ಬಿಇ ವಿಷಯ ಬರಬಹುದು. ಡಿಪ್ಲೊಮಾದವರನ್ನು ಇದನ್ನು ಕೇಳದೆ ಬಿಡುವುದು ಕಡಿಮೆ. ಡಿಸಿಇಟಿ ಬರೆದು ಎರಡನೇ ವರ್ಷಕ್ಕೆ ಸೇರುವ ಯೋಚನೆ ಇದ್ದರೆ ಅದು ಹಗಲಿನ ಓದು, ಅಂದರೆ ಕೆಲಸ ಬಿಡಬೇಕು. ಆ ಯೋಚನೆ ಮುಂದಿನ ವರ್ಷವೇ ಇದ್ದರೆ ಈ ಕೆಲಸಕ್ಕೆ ಸೇರುವುದೇ ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಕೆಲಸದ ಜೊತೆ ಸಂಜೆ ಓದುವ ಯೋಚನೆ ಇದ್ದರೆ ಮುಚ್ಚಿಡಬೇಡಿ, ಆದರೆ ಶಿಫ್ಟ್ ಬಗ್ಗೆ ಯೋಚಿಸಿದ್ದೀರಿ ಅಂತ ತೋರಿಸಿ. ಮೂರು ಶಿಫ್ಟ್ ನಡೆಯುವ ಪ್ಲಾಂಟ್‌ನಲ್ಲಿ ಎರಡನೇ ಶಿಫ್ಟ್ ಬಂದ ವಾರ ಸಂಜೆ ಕ್ಲಾಸ್ ಹೇಗೆ ಅನ್ನುವುದು ಅವರ ತಲೆಯಲ್ಲಿ ಆ ಕ್ಷಣವೇ ಓಡುತ್ತದೆ. ‘ಮೊದಲ ವರ್ಷ ಲೈನ್ ಕಲಿಯೋಕೆ ಬಿಡ್ತೀನಿ, ಆಮೇಲೆ ಶಿಫ್ಟ್ ನೋಡ್ಕೊಂಡು ನಿಮ್ಮನ್ನ ಕೇಳಿ ಮುಂದೆ ಹೋಗ್ತೀನಿ’ ಅಂದರೆ ಮುಗಿಯಿತು.

ನೀವು ಹೆಣ್ಣುಮಗಳಾದರೆ ಇನ್ನೊಂದು ಮರುಪ್ರಶ್ನೆಯೂ ಬರಬಹುದು. ‘ಮದುವೆ ಆದ್ಮೇಲೆ?’ ಕೇಳಬಾರದ ಪ್ರಶ್ನೆ ಅದು. ಆದರೂ ಕೇಳುತ್ತಾರೆ, ಕೆಲವೊಮ್ಮೆ ‘ಮನೆಯಲ್ಲಿ ಏನಂತಾರೆ?’ ಅನ್ನುವ ವೇಷದಲ್ಲಿ. ಮದುವೆ, ಮನೆ, ಊರಿನ ವಿವರ ಕೊಡುವ ಅಗತ್ಯ ನಿಮಗಿಲ್ಲ. ‘ಈ ಲೈನಿನ ಕೆಲಸಕ್ಕೇ ಬರ್ತಿದ್ದೀನಿ ಸರ್, ಶಿಫ್ಟ್ ಯಾವುದು ಅಂತ ಹೇಳಿದ್ರೆ ಅದಕ್ಕೆ ತಕ್ಕ ಹಾಗೆ ನೋಡ್ಕೋತೀನಿ’ ಅಂತ ಮಾತನ್ನು ಕೆಲಸಕ್ಕೆ ತಿರುಗಿಸಿ. ಮತ್ತೂ ಅದೇ ಕಡೆ ಎಳೆದರೆ ಆ ಪ್ಲಾಂಟ್ ಬಗ್ಗೆ ನಿಮಗೆ ಒಂದು ವಿಷಯ ಪುಕ್ಕಟೆ ಗೊತ್ತಾಯಿತು ಅಂದುಕೊಳ್ಳಿ.

ಕೆಲವರಿಗೆ ನಿಜವಾದ ಯೋಚನೆ ಬೇರೆಯೇ ಇರುತ್ತದೆ. ಕೆಪಿಎಸ್‌ಸಿ ಜೂನಿಯರ್ ಇಂಜಿನಿಯರ್ ಪರೀಕ್ಷೆಗೆ ಓದುತ್ತಿರುತ್ತಾರೆ, ಇಲ್ಲವೇ ಊರಲ್ಲಿ ಸ್ವಂತ ಶಾಪ್ ಹಾಕುವ ಕನಸಿರುತ್ತದೆ. ಅದನ್ನು ಇಲ್ಲಿ ಹೇಳಬೇಕಾ ಅಂತ ಸುಮಾರು ಜನ ಕೇಳಿದ್ದಾರೆ. ಮನಸ್ಸಿನಲ್ಲಿರುವುದನ್ನೆಲ್ಲ ಒಪ್ಪಿಸಬೇಕು ಅಂತ ಇಲ್ಲ. ಆದರೆ ‘ಐದು ವರ್ಷ ಇಲ್ಲೇ ಇರ್ತೀನಿ’ ಅಂತ ಮಾತು ಕೊಡಲೂಬೇಡಿ. ಹೇಗೂ ಆ ಮಾತು ಯಾರೂ ಕೇಳಿಲ್ಲ. ಎಲ್ಲಿದ್ದರೂ ನಿಜವಾಗಿ ಉಳಿಯುವ ಭಾಗವನ್ನು ಹೇಳಿ. ಸ್ವಂತ ಶಾಪ್ ಹಾಕಬೇಕು ಅನ್ನುವವರಿಗೂ ಪಿಪಿಎಪಿ ಕಡತ ಸ್ವಂತವಾಗಿ ಮಾಡಲು ಬರಬೇಕು, ಗ್ರಾಹಕರ ಆಡಿಟ್ ಎದುರಿಸಲು ಬರಬೇಕು. ‘ಐದು ವರ್ಷದಲ್ಲಿ ಹೊಸ ಪಾರ್ಟ್ ಒಂದನ್ನ ಡ್ರಾಯಿಂಗ್‌ನಿಂದ ಗ್ರಾಹಕರ ಒಪ್ಪಿಗೆ ತನಕ ನಾನೇ ತಗೊಂಡು ಹೋಗಬೇಕು’ ಅನ್ನುವ ಮಾತು ಅವರ ಬಾಯಲ್ಲೂ ಸುಳ್ಳಲ್ಲ.

ಅಭ್ಯಾಸ ಮಾಡುವ ರೀತಿಯಲ್ಲೇ ಅರ್ಧ ಜನ ಕೆಡುವುದು. ಉತ್ತರವನ್ನು ಪೂರ್ತಿ ವಾಕ್ಯಗಳಲ್ಲಿ ಬರೆದುಕೊಂಡರೆ ನಾಲಿಗೆ ಆ ವಾಕ್ಯಗಳನ್ನೇ ಹುಡುಕುತ್ತದೆ. ಒಂದು ಪದ ಮರೆತರೆ ಎಲ್ಲಾ ಮರೆತ ಹಾಗೆ. ನೀವು ಒಂದು ಚೀಟಿಯಲ್ಲಿ ನಾಲ್ಕೇ ಪದ ಬರೆಯಿರಿ: ಶಾಫ್ಟ್, ಲೈನ್, ಏಟ್ ಡಿ, ಸಪ್ಲೈಯರ್. ಆಮೇಲೆ ಮನೆಯವರಿಗೋ ಸ್ನೇಹಿತರಿಗೋ ಕನ್ನಡದಲ್ಲಿ ಹೇಳಿ, ಕ್ವಾಲಿಟಿ ಅಂದರೆ ಏನು ಅಂತ ಗೊತ್ತಿಲ್ಲದವರಾದರೆ ಇನ್ನೂ ಒಳ್ಳೆಯದು. ‘ಅಂದ್ರೆ ಏನು?’ ಅಂತ ಅವರು ತಡೆದ ಕಡೆ ನಿಮ್ಮ ಮಾತು ಮಸುಕಾಗಿದೆ ಅಂತ ಅರ್ಥ. ಅಲ್ಲಿ ಸರಿ ಮಾಡಿ. ಅದಾದ ಮೇಲೆ ಇಂಗ್ಲಿಷ್‌ನಲ್ಲಿ ಹೇಳಿ ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮಾರನೇ ದಿನ ಮತ್ತೆ ಮಾಡಿ ಎರಡನ್ನೂ ಕೇಳಿ ನೋಡಿ. ವಿಷಯ ಒಂದೇ ಇದ್ದು ವಾಕ್ಯಗಳು ಬೇರೆ ಬೇರೆ ಬಂದಿದ್ದರೆ ನೀವು ತಯಾರು. ಎರಡು ದಿನವೂ ಅಕ್ಷರ ಅಕ್ಷರ ಒಂದೇ ಬಂದಿದ್ದರೆ ಉರು ಹೊಡೆದಿದ್ದೀರಿ. ಆಗ ಶುರುವಿನ ಘಟನೆ ಬದಲಿಸಿ, ಶಾಫ್ಟ್ ಬಿಟ್ಟು ಬೇರೆ ಪಾರ್ಟ್‌ನಿಂದ ಶುರು ಮಾಡಿ.

ಇಂಗ್ಲಿಷ್ ತಡವರಿಸುತ್ತದೆ ಅಂತ ಹೆದರಬೇಡಿ. ನಮ್ಮ ಪ್ಲಾಂಟ್‌ಗಳಲ್ಲಿ ಕ್ವಾಲಿಟಿಯವರ ಅರ್ಧ ದಿನ ಆಪರೇಟರ್ ಜೊತೆ ಕನ್ನಡ, ಹಿಂದಿ, ತಮಿಳಲ್ಲೇ ಕಳೆಯುತ್ತದೆ. ಕ್ವಾಲಿಟಿ ಹೆಡ್ ಕನ್ನಡದವರಾಗಿದ್ದರೆ ‘ಇದೊಂದು ಕನ್ನಡದಲ್ಲಿ ಹೇಳಲಾ ಸರ್?’ ಅಂತ ಕೇಳಬಹುದು. ಹೆಚ್ಚಿನವರು ಬೇಡ ಅನ್ನುವುದಿಲ್ಲ. ಆದರೆ ಎಚ್‌ಆರ್ ಸುತ್ತಿಗೆ, ಫೋನ್ ಇಂಟರ್‌ವ್ಯೂಗೆ ಇಂಗ್ಲಿಷ್‌ನದ್ದು ತಯಾರಿರಲಿ. ಅಲ್ಲಿ ನಾಲ್ಕೇ ವಾಕ್ಯ ಸಾಕು: ಈಗ ಇದು ಮಾಡುತ್ತಿದ್ದೇನೆ, ಎರಡು ವರ್ಷದಲ್ಲಿ ಒಂದು ಲೈನ್ ನೋಡಿಕೊಳ್ಳಬೇಕು, ಮುಂದೆ ಸಪ್ಲೈಯರ್ ಅಥವಾ ಆಡಿಟ್ ಕಡೆ, ನಿಮ್ಮಲ್ಲಿ ಎರಡೂ ಇದೆ ಅಂತ ನೋಡಿ ಅರ್ಜಿ ಹಾಕಿದೆ. ಕೊನೆಯ ಮಾತು ಹೇಳುವ ಮೊದಲು ನಿಜವಾಗಿಯೂ ನೋಡಿರಬೇಕು. ಕಂಪನಿಯ ವೆಬ್‌ಸೈಟ್‌ನ ಕೆಲಸದ ಪುಟದಲ್ಲಿ ಸಪ್ಲೈಯರ್ ಕ್ವಾಲಿಟಿ ಹುದ್ದೆ ಎಂದಾದರೂ ಹಾಕಿದ್ದಾರಾ, ಅಲ್ಲಿ ಕೆಲಸ ಮಾಡುವವರ ಲಿಂಕ್ಡ್‌ಇನ್ ಪುಟಗಳಲ್ಲಿ ಆ ಹುದ್ದೆ ಕಾಣುತ್ತದಾ ಅಂತ ಅರ್ಧ ಗಂಟೆ ಹುಡುಕಿದರೆ ಗೊತ್ತಾಗುತ್ತದೆ.

ಇಂಟರ್‌ವ್ಯೂ ಮುಗಿಯುವಾಗ ‘ನಿಮ್ಮದೇನಾದ್ರೂ ಪ್ರಶ್ನೆ ಇದ್ಯಾ?’ ಅನ್ನುತ್ತಾರಲ್ಲ, ಆಗ ಇದನ್ನು ಕೇಳಿ: ‘ಈ ಕೆಲಸದಲ್ಲಿ ನನಗಿಂತ ಮೊದಲು ಇದ್ದವರು ಈಗ ಏನು ಮಾಡ್ತಿದಾರೆ ಸರ್?’ ಲೈನ್ ಬಿಟ್ಟು ಕಸ್ಟಮರ್ ಕ್ವಾಲಿಟಿಗೆ ಹೋದರು, ಸಪ್ಲೈಯರ್ ಟೀಮ್‌ಗೆ ಹೋದರು ಅಂದರೆ ನೀವು ಹೇಳಿದ ದಾರಿ ಅಲ್ಲಿ ನಿಜವಾಗಿಯೂ ಇದೆ. ‘ಬಿಟ್ಟು ಹೋದರು’ ಅಂತ ಹೇಳಿ ಮಾತು ಬದಲಿಸಿದರೆ, ಅದಕ್ಕೂ ಮೊದಲಿನವರು ಏನಾದರು ಅಂತ ಇನ್ನೊಮ್ಮೆ ಕೇಳಿ ನೋಡಿ. ಅವರೂ ಬಿಟ್ಟು ಹೋಗಿದ್ದರೆ, ಆಫರ್ ಬಂದರೂ ಸಹಿ ಹಾಕುವ ಮೊದಲು ಅಲ್ಲಿ ಕೆಲಸ ಮಾಡಿದ ಒಬ್ಬರನ್ನಾದರೂ ಹುಡುಕಿ ಮಾತಾಡಿಸಿ.